ಜಾತ್ರೆಯಲ್ಲಿ ಮೈಕ್ ಮುಂದೆ ಕೂತವರು: ಮಗು ಸಿಕ್ಕಾಗ, ಕಾರ್ಯಕ್ರಮದ ಹೊತ್ತು ಬದಲಾದಾಗ ಏನು ಹೇಳಬೇಕು?

ಹೊಳೆದಂಡೆ ಹುಡುಗ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲೂಕಿನ ಒಂದು ಊರು ನಮ್ಮದು. ತುಂಗೆಯ ದಂಡೆಯಲ್ಲೇ ದೇವಸ್ಥಾನ. ಬರುವ ತಿಂಗಳು ಜಾತ್ರೆ ಇದೆ. ಎಳ್ಳಮಾವಾಸ್ಯೆ ಜಾತ್ರೆಯಷ್ಟು ದೊಡ್ಡದಲ್ಲ, ಆದರೂ ರಥದ ದಿನ ಸಂಜೆ ಕಾಲಿಡಲು ಜಾಗ ಇರುವುದಿಲ್ಲ. ಸಂಜೆ ರಥ, ಏಳೂವರೆಗೆ ತೆಪ್ಪೋತ್ಸವ, ಆಮೇಲೆ ಯಕ್ಷಗಾನ.

ಈ ಸಲ ಮೈಕ್ ಮುಂದೆ ಕೂರುವ ಕೆಲಸ ಸಮಿತಿಯವರು ನನ್ನ ತಲೆಗೆ ಕಟ್ಟಿದ್ದಾರೆ. ಇಷ್ಟು ವರ್ಷ ಮಾಡುತ್ತಿದ್ದವರಿಗೆ ವಯಸ್ಸಾಯಿತು. ಅವರ ಶೈಲಿ ನಿಮಗೆಲ್ಲ ಗೊತ್ತಿರುವಂಥದ್ದೇ. ದೇಣಿಗೆ ಕೊಟ್ಟವರ ಹೆಸರು ಓದುತ್ತಾ ಓದುತ್ತಾ ನಡುವೆ "ಕೆಂಪು ಫ್ರಾಕ್ ಹಾಕಿದ, ಮೂರು ವರ್ಷದ, ಇಂಥ ಹೆಸರಿನ ಮಗು ಸಿಕ್ಕಿದೆ, ಕೂಡಲೇ ಬನ್ನಿ, ಕೂಡಲೇ ಬನ್ನಿ" ಅನ್ನುವುದು. ಜನ ಅದನ್ನು ಕೇಳಿಸಿಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ನನಗೆ ಎರಡು ವಿಷಯಕ್ಕೆ ಸಲಹೆ ಬೇಕು. ಒಂದು, ಮಗು ಸಿಕ್ಕಾಗ ಅಥವಾ ಕಾಣೆಯಾದಾಗ ಮೈಕ್‌ನಲ್ಲಿ ಏನು ಹೇಳಬೇಕು. ಎರಡು, ತೆಪ್ಪೋತ್ಸವ ತಡವಾದರೆ ಜನ ಗಲಾಟೆ ಮಾಡದ ಹಾಗೆ ಹೇಗೆ ತಿಳಿಸಬೇಕು. ಪ್ರತಿ ವರ್ಷವೂ ತಡ ಆಗೇ ಆಗುತ್ತದೆ, ಅದರಲ್ಲಿ ಅನುಮಾನ ಬೇಡ.

ತಾಳಮದ್ದಲೆ ಪ್ರಿಯ

ಯಕ್ಷಗಾನಕ್ಕೆ ಮೈಕ್ ಬೇಕಾ ಅನ್ನುವುದೇ ನನ್ನ ಪ್ರಶ್ನೆ ಮಾರಾಯ್ರೆ. ಈಗಿನ ಭಾಗವತರ ಮುಂದೆ ಮೈಕ್, ಮದ್ದಲೆಗೆ ಮೈಕ್, ಚೆಂಡೆಗೂ ಮೈಕ್! ಚೆಂಡೆಗೆ ಯಾಕೆ ಸ್ವಾಮಿ? ಮೊದಲು ಅದನ್ನು ಕಡಿಮೆ ಮಾಡಿ. ಹತ್ತು ಗಂಟೆಗೆ ಪೊಲೀಸರು ಬಂದು ಆಟ ನಿಲ್ಲಿಸುವುದೂ ತಪ್ಪುತ್ತದೆ.

ಹೊಳೆದಂಡೆ ಹುಡುಗ

ರಾಯರೆ, ನಾನು ಕೇಳಿದ್ದು ಸಂಜೆ ಜನಕ್ಕೆ ಮಾಡುವ ಘೋಷಣೆ ಬಗ್ಗೆ. ಆಟದ ಮೈಕ್ ಬೇರೆಯವರದ್ದು. ಅದರ ತಂಟೆಗೆ ನಾನು ಹೋಗುವುದಿಲ್ಲ 🙂

ಜಾತ್ರೆ ಡ್ಯೂಟಿ

ನಾನು ಶಿವಮೊಗ್ಗದವಳು. ಹೋಂಗಾರ್ಡ್ ಆಗಿ ಕೋಟೆ ಮಾರಿಕಾಂಬಾ ಜಾತ್ರೆ, ದಸರಾ, ಸಾಗರದ ಮಾರಿ ಜಾತ್ರೆ ಎಲ್ಲ ಕಡೆ ಡ್ಯೂಟಿ ಮಾಡಿದ್ದೇನೆ. ಹೆಚ್ಚಾಗಿ ಕಾಣೆಯಾದ ಮಕ್ಕಳ ಶಾಮಿಯಾನದಲ್ಲೇ ಕೂರಿಸುತ್ತಿದ್ದರು, ಹೆಂಗಸು ಅಂತ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ತಮ್ಮಾ, ನಿಮ್ಮೂರಲ್ಲಿ ಎರಡು ಬೇರೆ ಬೇರೆ ಕೆಲಸವನ್ನು ಒಂದೇ ಅಂದುಕೊಂಡಿದ್ದಾರೆ. ಮಗು ಸಿಕ್ಕಿದೆ, ಪೋಷಕರು ಸಿಕ್ಕಿಲ್ಲ ಅನ್ನುವುದು ಒಂದು. ಪೋಷಕರು ಬಂದಿದ್ದಾರೆ, ಮಗು ಕಾಣುತ್ತಿಲ್ಲ ಅನ್ನುವುದು ಇನ್ನೊಂದು. ಎರಡಕ್ಕೂ ಹೇಳುವ ಮಾತು ಬೇರೆ.

ಮಗು ಸಿಕ್ಕಾಗ ಮಗುವಿನ ಹೆಸರು, ಬಟ್ಟೆಯ ಬಣ್ಣ, ವಯಸ್ಸು ಯಾವುದನ್ನೂ ಮೈಕ್‌ನಲ್ಲಿ ಹೇಳಬೇಡಿ. ಯಾಕೆ ಅಂದರೆ ಮಗು ಕರೆದುಕೊಂಡು ಹೋಗಲು ಬಂದವರನ್ನು ಪರೀಕ್ಷಿಸಲು ನಿಮ್ಮ ಕೈಯಲ್ಲಿ ಇರುವುದು ಅಷ್ಟೇ. ಅದನ್ನೆಲ್ಲ ನೀವೇ ಊರಿಗೆಲ್ಲ ಕೇಳುವಂತೆ ಸಾರಿಬಿಟ್ಟರೆ, ಯಾರೋ ಬಂದು "ಕೆಂಪು ಫ್ರಾಕ್, ಮೂರು ವರ್ಷ, ನಮ್ಮ ಮಗು" ಅಂದರೆ ಏನು ಮಾಡುತ್ತೀರಿ? ಸುಮ್ನೆ ಇಷ್ಟು ಸಾಕು:

"ಗಮನಿಸಿ. ನಿಮ್ಮ ಜೊತೆ ಬಂದ ಮಕ್ಕಳು ಜೊತೆಯಲ್ಲೇ ಇದ್ದಾರಾ, ಒಮ್ಮೆ ನೋಡಿಕೊಳ್ಳಿ. ಮಗುವನ್ನು ಹುಡುಕುತ್ತಿರುವವರು ದೇವಸ್ಥಾನದ ಆಫೀಸಿನ ಪಕ್ಕದ ಹಳದಿ ಶಾಮಿಯಾನಕ್ಕೆ ಬನ್ನಿ. ಒಂದು ಮಗು ನಮ್ಮ ಬಳಿ ಕ್ಷೇಮವಾಗಿದೆ. ಹಳದಿ ಶಾಮಿಯಾನ, ಆಫೀಸಿನ ಪಕ್ಕ."

ಸ್ಥಳ ಎರಡು ಸಲ ಬಂದಿದ್ದು ನೋಡಿ. ಮಧ್ಯದಿಂದ ಕೇಳಿಸಿಕೊಂಡವನಿಗೂ ಕೊನೆಗೆ ಸ್ಥಳ ಸಿಗಬೇಕು. ಒಂದು ನಿಮಿಷ ಬಿಟ್ಟು ಇದನ್ನೇ ಮತ್ತೊಮ್ಮೆ ಓದಿ. ಒಂದು ಅಕ್ಷರವೂ ಬದಲಾಗಬಾರದು. ಎರಡನೇ ಸಲ ಬೇರೆ ಥರ ಹೇಳಿದರೆ ಜನ ಇನ್ನೊಂದು ಮಗು ಸಿಕ್ಕಿದೆ ಅಂದುಕೊಳ್ಳುತ್ತಾರೆ.

ಚೌಡಿಬನ

ಒಪ್ಪುವುದಿಲ್ಲ. ಹೆಸರು ಹೇಳದೆ ಜನಕ್ಕೆ ಹೇಗೆ ಗೊತ್ತಾಗಬೇಕು? ಉತ್ತರದಲ್ಲಿ ಕುಂಭಮೇಳದಲ್ಲಿ 1946ರಿಂದ "ಭೂಲೇ ಭಟ್ಕೇ" ಶಿಬಿರ ಅಂತ ನಡೆಯುತ್ತಿದೆ. ಅಲ್ಲಿ ಹಗಲೂ ರಾತ್ರಿ ಹೆಸರು, ಊರು ಕೂಗುತ್ತಲೇ ಇರುತ್ತಾರೆ. ಎಷ್ಟು ಜನರನ್ನು ಮನೆಯವರ ಹತ್ತಿರ ಸೇರಿಸಿದ್ದಾರೆ ಗೊತ್ತಾ? ಹೆಸರು ಹೇಳಿದರೆ ಕೆಲಸ ಬೇಗ ಆಗುತ್ತದೆ. ನಮ್ಮ ಸಾಗರದ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ, ಜನಸಾಗರ. ಅಲ್ಲಿ "ಒಂದು ಮಗು ಸಿಕ್ಕಿದೆ" ಅಂದರೆ ನೂರು ಜನ ಓಡಿ ಬರುತ್ತಾರೆ.

ಜಾತ್ರೆ ಡ್ಯೂಟಿ

ಕುಂಭಮೇಳದ ಮಾತು ನಿಜ. ಆದರೆ ಅಲ್ಲಿ ಹೆಸರು ಕೂಗುವುದು ಹೆಚ್ಚಾಗಿ ದೊಡ್ಡವರದ್ದು, ವಯಸ್ಸಾದವರದ್ದು. ಅಜ್ಜಿಯ ಹೆಸರು ಕೂಗಿದರೆ ಅಪಾಯ ಇಲ್ಲ. ನಾಲ್ಕು ವರ್ಷದ ಮಗುವಿಗೆ "ಬಾ, ಅಪ್ಪ ಕರೀತಿದ್ದಾರೆ" ಅಂದವರು ಅದರ ಹೆಸರನ್ನೂ ಹೇಳಿಬಿಟ್ಟರೆ ಅದು ನಂಬಿ ಹೊರಟೇಬಿಡುತ್ತದೆ.

ಮತ್ತೆ, ನೂರು ಜನ ಬರುವುದಿಲ್ಲ. ತನ್ನ ಮಗು ಕೈಹಿಡಿದುಕೊಂಡಿರುವ ತಾಯಿ ಯಾಕೆ ಬರುತ್ತಾಳೆ? ಮಗು ಕಳೆದುಕೊಂಡವರಷ್ಟೇ ಬರುವುದು.

ನಿಜವಾದ ತೊಂದರೆ ಬೇರೆ ಇದೆ. ನಮ್ಮ ಕಡೆ ಜಾತ್ರೆಗೆ ಒಂದು ಜೀಪಿನಲ್ಲಿ ಮೂರು ಮನೆಯವರು ಬರುತ್ತಾರೆ. ಅಮ್ಮ ಅಂದುಕೊಂಡಿರುತ್ತಾಳೆ ಮಗು ಚಿಕ್ಕಪ್ಪನ ಜೊತೆ ಇದೆ ಅಂತ. ಚಿಕ್ಕಪ್ಪ ಅಂದುಕೊಂಡಿರುತ್ತಾನೆ ಅಜ್ಜಿಯ ಜೊತೆ ಇದೆ ಅಂತ. ಮಗು ತಪ್ಪಿಸಿಕೊಂಡಿದೆ ಅಂತಲೇ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ "ಜೊತೆಯಲ್ಲೇ ಇದ್ದಾರಾ ನೋಡಿಕೊಳ್ಳಿ" ಅನ್ನುವ ಸಾಲು ಮೊದಲು ಬಂದಿದ್ದು. ಅದನ್ನು ಹೇಳಿದ ಕೂಡಲೇ ಜನ ಕತ್ತು ತಿರುಗಿಸಿ ಎಣಿಸುವುದನ್ನು ಶಾಮಿಯಾನದಿಂದಲೇ ನೋಡಬಹುದು.

ಚೌಡಿಬನ

ಹತ್ತು ನಿಮಿಷ ಆದರೂ ಯಾರೂ ಬರಲಿಲ್ಲ ಅಂದುಕೊಳ್ಳಿ. ಆಗಲೂ ಹೆಸರು ಹೇಳುವುದಿಲ್ಲವಾ? ಅಲ್ಲಿಯವರೆಗೆ ಮಗು ಅತ್ತೂ ಅತ್ತೂ ಸುಸ್ತಾಗಿರುತ್ತದೆ.

ಜಾತ್ರೆ ಡ್ಯೂಟಿ

ಆಗ ದೊಡ್ಡವರ ಹೆಸರು ಹಿಡಿಯಿರಿ, ಮಗುವಿನದ್ದಲ್ಲ. ಮಗುವಿಗೆ ಗೊತ್ತಿದ್ದಷ್ಟು ಕೇಳಿಕೊಳ್ಳಿ. ಅಪ್ಪನ ಹೆಸರು ಅಂದರೆ "ಅಪ್ಪ" ಅನ್ನುತ್ತದೆ. "ಅಪ್ಪನನ್ನು ಅಜ್ಜಿ ಏನಂತ ಕರೀತಾಳೆ?" ಅಂತ ಕೇಳಿದರೆ ಹೆಸರು ಬರುತ್ತದೆ. ಬರೀ "ಮಂಜಣ್ಣ ಅವರು ಬರಬೇಕು" ಅಂದರೆ ಮಲೆನಾಡಿನ ಜಾತ್ರೆಯಲ್ಲಿ ಇಪ್ಪತ್ತು ಮಂಜಣ್ಣ ಬಂದು ಸಾಲು ನಿಲ್ಲುತ್ತಾರೆ 😄 ಜೊತೆಗೆ ಊರಿನ ಹೆಸರೂ ಬೇಕು. "ಮೇಗರವಳ್ಳಿ ಕಡೆಯಿಂದ ಬಂದ ಮಂಜಣ್ಣ ಅವರು ಹಳದಿ ಶಾಮಿಯಾನಕ್ಕೆ ಬನ್ನಿ, ನಿಮ್ಮವರು ಕಾಯುತ್ತಿದ್ದಾರೆ." ಮಗುವಿನ ವಿಷಯವನ್ನೇ ಎತ್ತಬೇಕಾಗಿಲ್ಲ.

ಬಂದವರನ್ನು ಮಗುವಿನ ಮುಂದೆ ನಿಲ್ಲಿಸುವ ಮುಂಚೆ ಹೊರಗೇ ಕೇಳಿ: ಮಗು ಏನು ಹಾಕಿಕೊಂಡಿದೆ, ಕಾಲಲ್ಲಿ ಏನಿದೆ, ಎಲ್ಲಿ ತಪ್ಪಿತು. ಮೊಬೈಲ್‌ನಲ್ಲಿ ಮಗುವಿನ ಫೋಟೋ ಇದ್ದೇ ಇರುತ್ತದೆ, ತೋರಿಸಲಿ. ಗುರುತಿನ ಚೀಟಿ ನೋಡಿ, ಹೆಸರು, ಫೋನ್ ನಂಬರ್ ಬರೆದು ಸಹಿ ಹಾಕಿಸಿಕೊಳ್ಳಿ. ಮಗು ಓಡಿ ಹೋಗಿ ತಬ್ಬಿಕೊಂಡಿತು ಅಂತ ಅಷ್ಟಕ್ಕೇ ಬಿಡಬೇಡಿ. ಹೆದರಿದ ಮಗು ಪರಿಚಯದ ಮುಖ ಯಾವುದು ಕಂಡರೂ ತಬ್ಬಿಕೊಳ್ಳುತ್ತದೆ. ಶಾಮಿಯಾನದಲ್ಲಿ ಯಾವಾಗಲೂ ಇಬ್ಬರು ಇರಬೇಕು, ಒಬ್ಬರು ಹೆಂಗಸಾದರೆ ಒಳ್ಳೆಯದು. ಒಬ್ಬರೇ ಮಗುವನ್ನು ಎಲ್ಲಿಗೂ ಕರೆದುಕೊಂಡು ಹೋಗಬಾರದು.

ಪುಟ್ಟನ ಅಮ್ಮ

ಅಕ್ಕ, ನಿಮ್ಮ ಮಾತು ಓದಿ ನನ್ನದೂ ಹೇಳಬೇಕು ಅನ್ನಿಸಿತು. ನಾವು ಭದ್ರಾವತಿಯವರು. ಒಂದು ಜಾತ್ರೆಗೆ ಹೋಗಿದ್ದೆವು, ಯಾವುದು ಅಂತ ಬೇಡ. ಬಳೆ ಅಂಗಡಿ ಹತ್ತಿರ ಮಗ ಕೈ ಬಿಡಿಸಿಕೊಂಡ. ಒಂದು ಕ್ಷಣ ಅಷ್ಟೇ. ನಾನು ಆ ಸಾಲಿನ ಅಂಗಡಿಯೆಲ್ಲ ಹುಡುಕುತ್ತಿರುವಾಗ ಮೈಕ್‌ನಲ್ಲಿ ಏನೋ ಹೇಳಿದರು. ಒಂದು ಕಡೆಯ ಹಾರ್ನ್ ಹೇಳಿದ್ದನ್ನು ಇನ್ನೊಂದು ಕಡೆಯದು ಮತ್ತೆ ಹೇಳಿದ ಹಾಗೆ, ಮಾತಿನ ಮೇಲೆ ಮಾತು. ನನಗೆ ಕೇಳಿಸಿದ್ದು ಎರಡೇ ಪದ. "ಹುಡುಗ", ಆಮೇಲೆ "ಹೊಳೆ".

ನಾನು ಹೊಳೆ ಕಡೆ ಓಡಿದೆ. ಹೇಗೆ ಓಡಿದೆ ಅಂತ ನನಗೇ ಗೊತ್ತಿಲ್ಲ, ಯಾರನ್ನೋ ತಳ್ಳಿದೆ, ಚಪ್ಪಲಿ ಎಲ್ಲೋ ಹೋಯಿತು. ಅಲ್ಲಿ ಹೋದರೆ ಏನೂ ಇಲ್ಲ. ಆಮೇಲೆ ತಿಳಿಯಿತು, ಅವರು ಹೇಳಿದ್ದು "ಹೊಳೆ ಹತ್ತಿರದ ಶಾಮಿಯಾನಕ್ಕೆ ಬನ್ನಿ" ಅಂತ. ಮಗ ಅಲ್ಲಿ ಆರಾಮಾಗಿ ಬಾಳೆಹಣ್ಣು ತಿನ್ನುತ್ತಾ ಕೂತಿದ್ದ.

ಅಷ್ಟಕ್ಕೇ ಮುಗಿಯಲಿಲ್ಲ. ಮೈಕ್‌ನವರು "ಮಕ್ಕಳನ್ನು ನೋಡಿಕೊಳ್ಳಲು ಬಾರದವರು ಜಾತ್ರೆಗೆ ಯಾಕೆ ಬರಬೇಕು" ಅಂತಲೂ ಅಂದರು. ಇಡೀ ಜಾತ್ರೆಗೆ ಕೇಳಿಸಿತು.

ಜಾತ್ರೆ ಡ್ಯೂಟಿ

ಪುಟ್ಟನ ಅಮ್ಮ, ಬಯ್ಯುವವರಿಗೆ ಮೈಕ್ ಕೊಡಲೇಬಾರದು. ಒಬ್ಬರಿಗೆ ಬೈದರೆ ಮುಂದಿನ ತಾಯಿ ಶಾಮಿಯಾನಕ್ಕೆ ಬರಲು ಹಿಂಜರಿಯುತ್ತಾಳೆ, ತಾನೇ ಹುಡುಕಿಕೊಳ್ಳುತ್ತೇನೆ ಅಂತ ಅರ್ಧ ಗಂಟೆ ಕಳೆಯುತ್ತಾಳೆ.

ಹೊಳೆದಂಡೆ ಹುಡುಗರೇ, ನಿಮ್ಮದೂ ಹೊಳೆ ಪಕ್ಕದ ಊರು. ಮಗುವಿನ ವಿಷಯ ಹೇಳುವಾಗ ಹೊಳೆ, ನೀರು, ದಂಡೆ, ಸೋಪಾನ ಅನ್ನುವ ಪದ ಬರಲೇಕೂಡದು. ಶಾಮಿಯಾನವನ್ನೂ ಹೊಳೆಗೆ ವಿರುದ್ಧ ದಿಕ್ಕಿಗೆ ಹಾಕಿಸಿ. "ಕ್ಷೇಮವಾಗಿದೆ" ಅನ್ನುವುದನ್ನು ನುಂಗದೆ ಬಿಡಿಸಿ ಹೇಳಿ.

ಕೊಪ್ಪದ ಸೌಂಡ್ ಸೆಟ್

ಎರಡು ಪದ ಮಾತ್ರ ಕೇಳಿಸಿದ್ದು ಆ ತಾಯಿಯ ಕಿವಿಯ ದೋಷ ಅಲ್ಲ. ಹಾರ್ನ್ ಕಟ್ಟಿದ ರೀತಿಯ ದೋಷ. ನಾನು ಈ ಕೆಲಸದಲ್ಲೇ ತಲೆ ಹಣ್ಣಾಗಿಸಿಕೊಂಡವನು, ಹೇಳುತ್ತೇನೆ ಕೇಳಿ.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವೈರಿನಲ್ಲಿ ಮಾತ್ರ ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಹಾರ್ನಿಗೂ ಮುಟ್ಟಿರುತ್ತದೆ. ದೇವಸ್ಥಾನದ ಮುಂದೆ ಒಂದು ಹಾರ್ನ್, ಬಸ್‌ಸ್ಟ್ಯಾಂಡ್ ಹತ್ತಿರ ಇನ್ನೊಂದು, ನಡುವೆ 170 ಮೀಟರ್ ಅಂತ ಇಟ್ಟುಕೊಳ್ಳಿ. ಬಸ್‌ಸ್ಟ್ಯಾಂಡಿನಲ್ಲಿ ನಿಂತವನಿಗೆ ಹತ್ತಿರದ ಹಾರ್ನ್ ಕೂಡಲೇ ಕೇಳಿಸುತ್ತದೆ. ದೇವಸ್ಥಾನದ್ದು ಅರ್ಧ ಸೆಕೆಂಡ್ ತಡವಾಗಿ ಬರುತ್ತದೆ. ಆ ಅರ್ಧ ಸೆಕೆಂಡಿನಲ್ಲಿ ನಾವು ಇನ್ನೂ ಎರಡು ಮೂರು ಅಕ್ಷರ ಹೇಳಿ ಆಗಿರುತ್ತದೆ. ಅಲ್ಲಿಗೆ ಅಕ್ಷರದ ಮೇಲೆ ಅಕ್ಷರ ಬಿತ್ತು. ಎದುರು ಗುಡ್ಡ ಇದ್ದರೆ ಅದೂ ತನ್ನ ಪಾಲಿನದ್ದು ಸೇರಿಸುತ್ತದೆ.

ಇದಕ್ಕೆ ಜನ ಮಾಡುವ ಮದ್ದು ಏನು? ವಾಲ್ಯೂಮ್ ಜಾಸ್ತಿ ಮಾಡುವುದು. ಅದರಿಂದ ಎರಡೂ ಹಾರ್ನ್ ದೂರದವರೆಗೆ ಮುಟ್ಟಿ ಗೋಜಲು ಇನ್ನೂ ಹೆಚ್ಚುತ್ತದೆ. ಮಾಡಬೇಕಾದ್ದು ಉಲ್ಟಾ. ಹಾರ್ನ್ ಎದುರು ಬದುರು ಮುಖ ಮಾಡಿ ಕಟ್ಟಬೇಡಿ. ದೇವಸ್ಥಾನದಿಂದ ಹೊರಗೆ ಹೋಗುವ ದಿಕ್ಕಿಗೆ ಎಲ್ಲವೂ ಮುಖ ಮಾಡಿರಲಿ. ದೊಡ್ಡ ಧ್ವನಿಯ ಎರಡು ಹಾರ್ನಿನ ಬದಲು ಸಣ್ಣ ಧ್ವನಿಯ ಆರು ಹಾರ್ನ್ ಹತ್ತಿರ ಹತ್ತಿರ ಕಟ್ಟಿ, ಸ್ವಲ್ಪ ಕೆಳಗೆ ಜನರ ಕಡೆ ಬಾಗಿಸಿ. ಆಗ ಎಲ್ಲಿ ನಿಂತರೂ ಹತ್ತಿರದ್ದೇ ಜೋರಾಗಿ ಕೇಳಿಸುತ್ತದೆ, ದೂರದ್ದು ಅದರಡಿ ಮುಚ್ಚಿಹೋಗುತ್ತದೆ.

ಇನ್ನೊಂದು ಮುಖ್ಯ. ಮಿಕ್ಸರಿನಲ್ಲಿ ಎಕೋ ಅಂತ ಒಂದು ಗುಬುಟು ಇರುತ್ತದೆ. ಹಿಂದಿನ ರಾತ್ರಿ ಭಜನೆಗೋ ಆರ್ಕೆಸ್ಟ್ರಾಕ್ಕೋ ಅಂತ ತಿರುಗಿಸಿಟ್ಟಿರುತ್ತಾರೆ. ಹಾಡಿಗೆ ಚೆಂದ. ಘೋಷಣೆಗೆ ಅದು ವಿಷ. ಪೂರ್ತಿ ಸೊನ್ನೆಗೆ ತನ್ನಿ. ಬಾಸ್ ಕಡಿಮೆ ಮಾಡಿ. ಮಾತಿನ ಸ್ಪಷ್ಟತೆ ಬರುವುದು ಮೇಲಿನ ಶಬ್ದದಿಂದ, ಗುಡುಗುವುದರಿಂದ ಅಲ್ಲ. ಮಾತಿಗೆ ಹಾರ್ನೇ ಒಳ್ಳೆಯದು, ಬಾಕ್ಸ್ ಹಾಡಿಗೆ ಇರಲಿ.

ಮೈಕ್ ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಓರೆಯಾಗಿ. ನೇರ ಹಿಡಿದರೆ "ಪ", "ಬ", "ಭ" ಬಂದಾಗೆಲ್ಲ ಪಟಾಕಿ ಹೊಡೆದ ಹಾಗಾಗುತ್ತದೆ. ಒಂದು ವಾಕ್ಯ ಮುಗಿದ ಮೇಲೆ ಒಂದೆರಡು ಸೆಕೆಂಡ್ ಸುಮ್ಮನಿರಿ, ಗುಡ್ಡದಿಂದ ವಾಪಸ್ ಬಂದದ್ದು ಅಡಗಲಿ. ಆಮೇಲೆ ಮುಂದಿನದ್ದು.

ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡ್

ಇಷ್ಟೆಲ್ಲ ಯಾಕೆ? ವಾಟ್ಸ್ಆ್ಯಪ್ ಗುಂಪಿಗೆ ಫೋಟೋ ಹಾಕಿದರೆ ಐದು ನಿಮಿಷದಲ್ಲಿ ಕೆಲಸ ಮುಗಿಯಿತು.

ಹೊಳೆದಂಡೆ ಹುಡುಗ

ಅಣ್ಣ, ನಮ್ಮೂರಲ್ಲಿ ಮಾಮೂಲಿ ದಿನವೇ ನೆಟ್‌ವರ್ಕ್‌ಗೆ ದೇವಸ್ಥಾನದ ಮೆಟ್ಟಿಲು ಹತ್ತಬೇಕು. ಜಾತ್ರೆ ದಿನ ಕೇಳುವುದೇ ಬೇಡ.

ಜಾತ್ರೆ ಡ್ಯೂಟಿ

ಸಿಕ್ಕ ಮಗುವಿನ ಫೋಟೋವನ್ನು ಗುಂಪಿಗೆ ಹಾಕಲೇಬೇಡಿ. ಅದು ಅಲ್ಲಿಂದ ಎಲ್ಲಿಗೆ ಹೋಗುತ್ತದೋ ನಿಮ್ಮ ಕೈಯಲ್ಲಿ ಇರುವುದಿಲ್ಲ. ಮಗು ಮನೆಗೆ ಹೋಗಿ ವರ್ಷ ಕಳೆದರೂ "ಈ ಮಗು ಸಿಕ್ಕಿದೆ, ಶೇರ್ ಮಾಡಿ" ಅಂತ ತಿರುಗುತ್ತಿರುತ್ತದೆ.

ಕಾಣೆಯಾದ ಮಗುವಿನ ವಿಷಯ ಬೇರೆ. ಪೋಷಕರು ಓಡಿ ಬಂದು "ಮಗು ಕಾಣ್ತಿಲ್ಲ" ಅಂದರೆ ಮೈಕ್ ಹಿಡಿಯುವ ಮುಂಚೆಯೇ ಜನರನ್ನು ಓಡಿಸಿ. ನಿಮ್ಮೂರಲ್ಲಿ ಮೊದಲ ಇಬ್ಬರು ನೀರಿನ ಅಂಚಿಗೆ. ಮಗು ಅಲ್ಲಿಗೆ ಹೋಗಿದೆ ಅಂತಲ್ಲ. ಹೋಗಿದ್ದರೆ ಕಾಯಲು ಸಮಯ ಇಲ್ಲ ಅಂತ. ಆಮೇಲೆ ಬಸ್ ನಿಲ್ಲುವ ಜಾಗ, ವಾಹನ ಹೊರಗೆ ಹೋಗುವ ದಾರಿ, ಕೊನೆಯದಾಗಿ ಕಡೇ ಸಲ ಕಂಡ ಜಾಗ. ಪೋಷಕರಲ್ಲಿ ಒಬ್ಬರು ಶಾಮಿಯಾನದಲ್ಲೇ ಇರಬೇಕು. ಇಬ್ಬರೂ ಹುಡುಕಲು ಹೋದರೆ ಮಗು ಬಂದಾಗ ಅವರನ್ನು ಹುಡುಕಬೇಕಾಗುತ್ತದೆ. ಇದು ಆಗಿದ್ದು ನೋಡಿದ್ದೇನೆ.

ಚೌಡಿಬನ

ಆಗಲಾದರೂ ಮೈಕ್‌ನಲ್ಲಿ ಬಟ್ಟೆ, ಬಣ್ಣ ಹೇಳುತ್ತೀರಾ ಇಲ್ಲವಾ? ಇನ್ನು ಪೊಲೀಸರಿಗೆ ಹೇಳಿದರೆ 24 ಗಂಟೆ ಕಾಯಿರಿ ಅನ್ನುತ್ತಾರೆ.

ಜಾತ್ರೆ ಡ್ಯೂಟಿ

24 ಗಂಟೆ ಕಾಯಬೇಕು ಅನ್ನುವ ನಿಯಮ ಇಲ್ಲ. ಮಗು ಕಾಣೆಯಾದ ದೂರು ಬಂದ ಕೂಡಲೇ ಎಫ್‌ಐಆರ್ ಆಗಬೇಕು ಅಂತ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 24 ಗಂಟೆ ಬರುವುದು ಇನ್ನೊಂದು ಕಡೆ. ಸಿಕ್ಕ ಮಗುವಿನ ಪೋಷಕರು ಬರಲೇ ಇಲ್ಲ ಅಂದರೆ, ಆ ಅವಧಿಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಅದು 2015ರ ಬಾಲನ್ಯಾಯ ಕಾಯ್ದೆ. ಅಷ್ಟರವರೆಗೆ ಕಾಯುತ್ತಾ ಕೂರಬೇಕು ಅಂತಲ್ಲ. 1098ಕ್ಕೆ ಅಥವಾ 112ಕ್ಕೆ ಆ ಸಂಜೆಯೇ ಕರೆ ಮಾಡಿ. ಪಾಪ, ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿ ಬೆಳಿಗ್ಗೆ ನೋಡೋಣ ಅಂತ ಸಮಿತಿಯ ಯಾರೂ ಹೊರಡಬಾರದು.

ಬಟ್ಟೆ ಬಣ್ಣದ ವಿಷಯ. ನಮ್ಮಲ್ಲಿ ಮೊದಲು ಸ್ವಯಂಸೇವಕರಿಗೆ, ಗೇಟಿನವರಿಗೆ ಮಾತ್ರ ಹೇಳುತ್ತಿದ್ದೆವು. ಹತ್ತು ನಿಮಿಷದಲ್ಲಿ ಸಿಗದಿದ್ದರೆ ಪೋಷಕರನ್ನೂ ಪೊಲೀಸರನ್ನೂ ಕೇಳಿ ಬಟ್ಟೆಯ ಬಣ್ಣ, ಅಂದಾಜು ವಯಸ್ಸು ಹೇಳುತ್ತಿದ್ದೆವು. ಹೆಸರು ಆಗಲೂ ಇಲ್ಲ.

ಕೊಪ್ಪದ ಸೌಂಡ್ ಸೆಟ್

ಇಲ್ಲಿ ಮಾತ್ರ ನನಗೆ ಚೌಡಿಬನ ಅವರ ಮಾತು ಸರಿ ಅನ್ನಿಸುತ್ತದೆ. ಹೊಳೆ ಪಕ್ಕದ ಜಾತ್ರೆಯಲ್ಲಿ ಹತ್ತು ನಿಮಿಷ ಜಾಸ್ತಿ ಆಯಿತು. ಸಾವಿರ ಕಣ್ಣು ಹುಡುಕಲಿ ಬಿಡಿ.

ಜಾತ್ರೆ ಡ್ಯೂಟಿ

ಸಾವಿರ ಕಣ್ಣಿನ ಜೊತೆ ಸಾವಿರ ಕಾಲೂ ಹೊಳೆ ಕಡೆಗೇ ಹೊರಡುತ್ತವೆ, ಅದೇ ಭಯ. ಆದರೂ ನಿಮ್ಮ ಮಾತನ್ನು ತೆಗೆದುಹಾಕುವುದಿಲ್ಲ. ಜಾಗ ನೋಡಿ ತೀರ್ಮಾನಿಸಬೇಕು.

ಹೊಳೆದಂಡೆ ಹುಡುಗ

ಇದನ್ನು ಸಮಿತಿ ಸಭೆಯಲ್ಲಿ ಇಡುತ್ತೇನೆ. ಈಗ ಎರಡನೇ ಪ್ರಶ್ನೆ. ತೆಪ್ಪೋತ್ಸವ ಏಳೂವರೆಗೆ ಅಂತ ಆಮಂತ್ರಣದಲ್ಲಿ ಇರುತ್ತದೆ. ರಥ ನೆಲೆಗೆ ಬರುವುದೇ ತಡ. ಅಷ್ಟರಲ್ಲಿ ಸೋಪಾನದ ಮೇಲೆ ಜನ ಕಿಕ್ಕಿರಿದಿರುತ್ತಾರೆ. "ಇನ್ನೇನು ಸ್ವಲ್ಪ ಹೊತ್ತಿನಲ್ಲಿ, ದಯವಿಟ್ಟು ಗಾಬರಿಯಾಗಬೇಡಿ, ಸಹಕರಿಸಿ" ಅಂತ ಹೇಳುವುದು ವಾಡಿಕೆ.

ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡ್

ಈ ವಿಷಯದಲ್ಲಿ ಹುಷಾರು. 2025ರ ಫೆಬ್ರುವರಿಯಲ್ಲಿ ದೆಹಲಿ ರೈಲ್ವೆ ಸ್ಟೇಷನ್‌ನಲ್ಲಿ 18 ಜನ ಸತ್ತಿದ್ದು ಒಂದು ಅನೌನ್ಸ್‌ಮೆಂಟಿನಿಂದಲೇ. ಪ್ಲಾಟ್‌ಫಾರ್ಮ್ ಬದಲು ಅಂದರು, ಜನ ನುಗ್ಗಿದರು.

ಜಾತ್ರೆ ಡ್ಯೂಟಿ

ಅದು ಅಷ್ಟು ಸರಳ ಇಲ್ಲ. ಪ್ರಯಾಗರಾಜ್ ಅನ್ನುವ ಹೆಸರಿನ ಎರಡು ರೈಲು ಇದ್ದವು, ಸ್ಪೆಷಲ್ ಯಾವುದು ಎಕ್ಸ್‌ಪ್ರೆಸ್ ಯಾವುದು ಅಂತ ಘೋಷಣೆಯಲ್ಲಿ ಜನಕ್ಕೆ ಗೊಂದಲ ಆಯಿತು ಅಂತ ಆಗ ಪೊಲೀಸರು ಹೇಳಿದ್ದರು. ಆಮೇಲೆ ರೈಲ್ವೆಯವರು, ಮೇಲ್ಸೇತುವೆಯ ಮೆಟ್ಟಿಲಲ್ಲಿ ಒಬ್ಬರ ತಲೆ ಮೇಲಿನ ಹೊರೆ ಬಿದ್ದು ಜನ ಮುಗ್ಗರಿಸಿದ್ದು ಕಾರಣ ಅಂದರು. ಎರಡರಲ್ಲೂ ಒಂದು ವಿಷಯ ಇದೆ: ಇಕ್ಕಟ್ಟಾದ ಮೆಟ್ಟಿಲು, ಅದರ ಮೇಲೆ ಎರಡು ದಿಕ್ಕಿಗೆ ಹೊರಟ ಜನ. ನಿಮ್ಮ ಸೋಪಾನವೂ ಮೆಟ್ಟಿಲೇ.

ಹಾಗಾಗಿ ಹೊತ್ತು ಬದಲಾದರೆ ಮೈಕ್‌ನಲ್ಲಿ ಧಾರಾಳವಾಗಿ ಹೇಳಬಹುದು. ಜಾಗ ಬದಲಾದರೆ ಮಾತ್ರ ಮೈಕ್ ಕೊನೆಗೆ. ಮೊದಲು ಕಿರಿದಾದ ದಾರಿಯ ಎರಡೂ ತುದಿಗೆ ಜನ ನಿಲ್ಲಿಸಿ, ಹಗ್ಗ ಹಿಡಿಸಿ, ಅವರಿಗೆಲ್ಲ ವಿಷಯ ತಿಳಿದ ಮೇಲೆ ಘೋಷಣೆ. ಸ್ವಯಂಸೇವಕನಿಗೇ ಗೊತ್ತಿಲ್ಲದ್ದು ಮೈಕ್‌ನಲ್ಲಿ ಬಂದರೆ, ಜನ ಅವನನ್ನು ಕೇಳಿದಾಗ "ನನಗೂ ಈಗಲೇ ಗೊತ್ತಾಗಿದ್ದು" ಅನ್ನುತ್ತಾನೆ. ಅಲ್ಲಿಂದಲೇ ಗದ್ದಲ ಶುರು.

"ಗಾಬರಿಯಾಗಬೇಡಿ" ಅನ್ನಬೇಡಿ. ಅಲ್ಲಿಯವರೆಗೆ ಯಾರಿಗೂ ಗಾಬರಿ ಇರುವುದಿಲ್ಲ, ಅದನ್ನು ಕೇಳಿದ ಮೇಲೆ ಏನೋ ಆಗಿದೆ ಅಂತ ಎದ್ದು ನಿಲ್ಲುತ್ತಾರೆ. "ಬೇಗ", "ಕೂಡಲೇ", "ಓಡಿ" ಇವೂ ಬೇಡ. "ಸ್ವಲ್ಪ ಹೊತ್ತು", "ಇನ್ನರ್ಧ ಗಂಟೆ" ಅನ್ನುವುದೂ ಬೇಡ. ಅರ್ಧ ಗಂಟೆ ಎಲ್ಲಿಂದ ಲೆಕ್ಕ? ಈಗ ಬಂದವನಿಗೆ ಈಗಿನಿಂದ. ಗಡಿಯಾರದ ಹೊತ್ತು ಹೇಳಿ.

ತಾಳಮದ್ದಲೆ ಪ್ರಿಯ

ಮತ್ತೆ ಊಟದ ಘೋಷಣೆ! "ಪ್ರಸಾದ ಇನ್ನು ಸ್ವಲ್ಪವೇ ಉಳಿದಿದೆ, ಊಟ ಮಾಡದವರು ಬನ್ನಿ" ಅಂತ ಹೇಳುತ್ತಾರಲ್ಲ, ಆಗಿನ ನೂಕುನುಗ್ಗಲು ನೋಡಬೇಕು. ಊಟ ಮಾಡಿದವರೂ ಓಡುತ್ತಾರೆ.

ಜಾತ್ರೆ ಡ್ಯೂಟಿ

ಇದು ಲಕ್ಷದ ಮಾತು ರಾಯರೆ. ಯಾವುದೇ ಆಗಲಿ, ಮುಗಿಯುತ್ತಾ ಬಂದಿದೆ ಅಂತ ಮೈಕ್‌ನಲ್ಲಿ ಹೇಳಲೇಬಾರದು. ಸಾಲಿನ ಕೊನೆಗೆ ಒಬ್ಬರು ಹೋಗಿ ನಿಂತು ಇಲ್ಲಿಗೆ ಸಾಕು ಅಂದರೆ ಆಯಿತು.

ಹೊಳೆದಂಡೆ ಹುಡುಗ

ಒಂದು ಬರೆದಿದ್ದೇನೆ, ನೋಡಿ ಹೇಳಿ.

"ಗಮನಿಸಿ. ತೆಪ್ಪೋತ್ಸವ ರಾತ್ರಿ ಎಂಟೂಕಾಲಿಗೆ ಶುರುವಾಗುತ್ತದೆ. ರಥ ನೆಲೆಗೆ ಬರುವುದು ತಡವಾಗಿದೆ. ಜಾಗ ಬದಲಾಗಿಲ್ಲ. ಸೋಪಾನದಲ್ಲಿ ಇರುವವರು ಇರುವಲ್ಲೇ ಕುಳಿತುಕೊಳ್ಳಿ. ಯಕ್ಷಗಾನ ಒಂಬತ್ತೂವರೆಗೆ, ಅದರಲ್ಲಿ ಬದಲಾವಣೆ ಇಲ್ಲ. ಮುಂದಿನ ಮಾಹಿತಿ ಎಂಟು ಗಂಟೆಗೆ ಹೇಳುತ್ತೇವೆ. ತೆಪ್ಪೋತ್ಸವ ಎಂಟೂಕಾಲಿಗೆ."

ಜಾತ್ರೆ ಡ್ಯೂಟಿ

ತುಂಬಾ ಚೆನ್ನಾಗಿದೆ. ಎಂಟು ಗಂಟೆಗೆ ಹೇಳುತ್ತೇವೆ ಅಂದ ಮೇಲೆ ಹೇಳಲು ಏನೂ ಇಲ್ಲದಿದ್ದರೂ ಎಂಟಕ್ಕೆ ಮೈಕ್ ಹಿಡಿಯಬೇಕು, ನೆನಪಿರಲಿ. ಯಕ್ಷಗಾನದ ಸಾಲು ಒಮ್ಮೆ ಯೋಚಿಸಿ. ಎಂಟೂಕಾಲಿನ ತೆಪ್ಪ ಮುಗಿದು ಒಂಬತ್ತೂವರೆಗೆ ಆಟ ಶುರುವಾಗುತ್ತದೆ ಅನ್ನುವ ಭರವಸೆ ಇದೆಯಾ? ಇಲ್ಲದಿದ್ದರೆ ಆ ಸಾಲು ತೆಗೆಯಿರಿ. ಎರಡನೇ ಸಲ ಮಾತು ತಪ್ಪಿದರೆ ಮೂರನೆಯದನ್ನು ಯಾರೂ ನಂಬುವುದಿಲ್ಲ. ಅದರ ಬದಲು ಕೊನೆಯ ಬಸ್ಸಿನ ಹೊತ್ತು ಹಾಕಿ. ತಡವಾದಾಗ ಜನರ ಚಡಪಡಿಕೆ ಅರ್ಧ ಅದಕ್ಕೇ.

ಕೊಪ್ಪದ ಸೌಂಡ್ ಸೆಟ್

ಯಕ್ಷಗಾನದ ಹೊತ್ತು ಬಂದದ್ದಕ್ಕೆ ಹೇಳುತ್ತೇನೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಬಳಸುವಂತಿಲ್ಲ, 2000ದ ಶಬ್ದಮಾಲಿನ್ಯ ನಿಯಮ. ಹಬ್ಬ, ಉತ್ಸವಕ್ಕೆ ಸರ್ಕಾರ 12ರವರೆಗೆ ಸಡಿಲಿಸಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಮೊದಲೇ ವಿಚಾರಿಸಿ ಅನುಮತಿಯ ಕಾಗದ ಕೈಯಲ್ಲಿ ಇಟ್ಟುಕೊಳ್ಳಿ.

ಮತ್ತೆ ದೇಣಿಗೆಯ ಪಟ್ಟಿ. ಬೆಳಿಗ್ಗೆಯಿಂದ "ಐನೂರ ಒಂದು ರೂಪಾಯಿ" ಕೇಳಿ ಕೇಳಿ ಜನರ ಕಿವಿ ಮುಚ್ಚಿರುತ್ತದೆ. ಅದೇ ದನಿಯಲ್ಲಿ ಮಗುವಿನ ವಿಷಯ ಬಂದರೂ ಒಳಗೆ ಹೋಗುವುದಿಲ್ಲ. ದೇಣಿಗೆ ಒಬ್ಬರು ಓದಲಿ, ಘೋಷಣೆ ಇನ್ನೊಬ್ಬರು ಮಾಡಲಿ. ಘೋಷಣೆಗೆ ಮುಂಚೆ ಹಾಡು ನಿಲ್ಲಿಸಿ, ಮೂರು ಸೆಕೆಂಡ್ ಖಾಲಿ ಬಿಡಿ. ಆ ಖಾಲಿಗೇ ಜನ ತಲೆ ಎತ್ತುತ್ತಾರೆ. ರಥ ಎಳೆಯುವಾಗ ವಾದ್ಯ, ಜಯಕಾರದ ನಡುವೆ ಏನು ಹೇಳಿದರೂ ವ್ಯರ್ಥ. ರಥ ನಿಂತಾಗ ಹೇಳಿ.

ಹೊಳೆದಂಡೆ ಹುಡುಗ

ದೇಣಿಗೆ ಪಟ್ಟಿ ಬೇರೆಯವರಿಗೆ ಕೊಡಿ ಅಂದರೆ ಸಮಿತಿ ಒಪ್ಪಬಹುದು. ಆದರೆ ಗಣ್ಯರ ಭಾಷಣದ ನಡುವೆ ಮಗುವಿನ ಘೋಷಣೆ ಬಂದರೆ? ಮೈಕ್ ಕಿತ್ತುಕೊಳ್ಳುವುದು ಹೇಗೆ ಮಾರಾಯ್ರೆ?

ಚೌಡಿಬನ

ಕಿತ್ತುಕೊಳ್ಳಬೇಕು. ಬೇರೆ ದಾರಿ ಇಲ್ಲ.

ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡ್

ಚೀಟಿ ಕೊಟ್ಟು ಅವರ ಕೈಯಲ್ಲೇ ಓದಿಸಿ. ಅವರಿಗೂ ಖುಷಿ.

ಜಾತ್ರೆ ಡ್ಯೂಟಿ

ಅವರ ಕೈಯಲ್ಲಿ ಓದಿಸಿದರೆ ಮಗುವಿನ ಹೆಸರು, ತಂದೆತಾಯಿಗೆ ಬುದ್ಧಿಮಾತು ಎಲ್ಲ ಸೇರಿಸಿ ಓದುತ್ತಾರೆ. ಭಾಷಣ ಶುರುವಾಗುವ ಮುಂಚೆಯೇ ಅಧ್ಯಕ್ಷರ ಹತ್ತಿರ ಮಾತಾಡಿಕೊಳ್ಳಿ ಅನ್ನಬಹುದು ಅಷ್ಟೇ. ನಮಗೂ ಇದು ಎಲ್ಲ ಕಡೆ ನಡೆದಿಲ್ಲ.

ಪುಟ್ಟನ ಅಮ್ಮ

ಇನ್ನೊಂದು ಕೇಳಬೇಕಿತ್ತು. ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತೀರಿ. ನಮ್ಮ ಮನೆಯಲ್ಲಿ ತಮಿಳು. ನನಗೆ ಕನ್ನಡ ಬರುತ್ತದೆ, ಅತ್ತೆಗೆ ಅಷ್ಟಾಗಿ ಬರುವುದಿಲ್ಲ. ಉರ್ದು, ಲಂಬಾಣಿ, ಕೊಂಕಣಿಯವರೂ ಜಾತ್ರೆಗೆ ಬರುತ್ತಾರಲ್ವಾ?

ಜಾತ್ರೆ ಡ್ಯೂಟಿ

ಬರುತ್ತಾರೆ. ಸಿಕ್ಕ ಮಗು ಯಾವ ಭಾಷೆಯಲ್ಲಿ ಅಳುತ್ತಿದೆಯೋ ಆ ಭಾಷೆಯಲ್ಲೂ ಒಮ್ಮೆ ಹೇಳಿಸಬೇಕು. ಪಕ್ಕದ ಅಂಗಡಿಯಲ್ಲಿ ಆ ಭಾಷೆಯವರು ಒಬ್ಬರಾದರೂ ಸಿಗುತ್ತಾರೆ. ನಿಮ್ಮ ಚೀಟಿ ಕೊಟ್ಟು ಅದನ್ನಷ್ಟೇ ಹೇಳಿ ಅನ್ನಿ.

ಪುಟ್ಟನ ಅಮ್ಮ

ಹೊಳೆದಂಡೆ ಹುಡುಗ, ತಮಿಳಿನದ್ದು ನಾನೇ ಹೇಳಿ ರೆಕಾರ್ಡ್ ಮಾಡಿ ಕಳಿಸಲಾ?

ಕೊಪ್ಪದ ಸೌಂಡ್ ಸೆಟ್

"ಹಳದಿ ಶಾಮಿಯಾನಕ್ಕೆ ಬನ್ನಿ" ಅನ್ನುವುದನ್ನು ಮಾತ್ರ ಕಳಿಸಿ ಅಮ್ಮ, ಅದು ಬದಲಾಗುವುದಿಲ್ಲ. ತೆಪ್ಪದ ಹೊತ್ತಿನದ್ದು ಬೇಡ. ಕಳೆದ ಸಲ ಒಂದು ಊರಲ್ಲಿ ಹಳೇ ರೆಕಾರ್ಡ್ ಹಾಕಿ, ಎಂಟು ಗಂಟೆಗೆ "ಏಳೂವರೆಗೆ ಶುರು" ಅಂತ ಮೂರು ಸಲ ಸಾರಿದ್ದರು.

ಹೊಳೆದಂಡೆ ಹುಡುಗ

ಕಳಿಸಿ ಅಕ್ಕ. ಶಾಮಿಯಾನದ ಬಣ್ಣ ಹಳದಿಯೇ ಸಿಗುತ್ತದಾ ಅಂತ ನಾಳೆ ಬಾಡಿಗೆಯವರನ್ನು ಕೇಳಿ ಹೇಳುತ್ತೇನೆ, ಅಲ್ಲಿಯವರೆಗೆ ರೆಕಾರ್ಡ್ ಮಾಡಬೇಡಿ.